ಆಂಪ್ ಮಂಕಾಯಿತೆಂದು ಐದೂ ಟ್ಯೂಬ್ ಕೀಳಬೇಡಿ

ಪ್ರಶ್ನೆ: ಸರ್, ನನ್ನದು 50 ವಾಟಿನ ಗಿಟಾರ್ ಟ್ಯೂಬ್ ಆಂಪ್. ಹಿಂದೆ ಎರಡು ದೊಡ್ಡ ಇಎಲ್34 ಪವರ್ ಟ್ಯೂಬ್, ಮುಂದೆ ಮೂರು ಚಿಕ್ಕ 12ಎಎಕ್ಸ್7 ಟ್ಯೂಬ್. ಸೆಕೆಂಡ್ ಹ್ಯಾಂಡ್‌ನಲ್ಲಿ ತಗೊಂಡು ನಾಲ್ಕು ವರ್ಷ ಆಯ್ತು, ಟ್ಯೂಬ್ ಒಮ್ಮೆಯೂ ಬದಲಿಸಿಲ್ಲ. ಈಚೆಗೆ ಜೋರಾಗಿ ನುಡಿಸಿದರೆ ಧ್ವನಿ ಕುಸಿದ ಹಾಗಾಗುತ್ತೆ, ದಪ್ಪ ತಂತಿಗಳು ಮೆತ್ತಗೆ ಕೇಳ್ತವೆ. ಕೆಲವು ಸ್ವರಕ್ಕೆ ಹಿಂದೆಯೇ ‘ಟಿಂಗ್’ ಅಂತ ಗಾಜಿನ ಸದ್ದು. ಐದೂ ಬದಲಿಸಬೇಕಾ? ಯಾವ ಕಂಪನಿದು ತಗೊಳ್ಳಲಿ? ನಾನೇ ಹಾಕಬಹುದಾ?

ಉತ್ತರ: ಐದನ್ನೂ ಒಟ್ಟಿಗೆ ಕೊಳ್ಳಬೇಡಿ. ನೀವು ಹೇಳಿದ ಎರಡು ತೊಂದರೆಗಳು ಎರಡು ಬೇರೆ ಜಾಗದವು. ಜೋರಾಗಿ ನುಡಿಸಿದಾಗ ಧ್ವನಿ ಕುಸಿಯುವುದು ಹೆಚ್ಚಾಗಿ ಹಿಂದಿನ ದೊಡ್ಡ ಜೋಡಿಯಿಂದ. ಸ್ವರದ ಬೆನ್ನಿಗೇ ಬರುವ ಗಾಜಿನ ಸದ್ದು ಮುಂದಿನ ಮೂರು ಚಿಕ್ಕ ಟ್ಯೂಬುಗಳಲ್ಲಿ ಯಾವುದೋ ಒಂದರದು. ಐದನ್ನೂ ಒಂದೇ ದಿನ ಬದಲಿಸಿದರೆ, ತೊಂದರೆ ಹೋದರೂ ಯಾವುದರಿಂದ ಹೋಯಿತು ಅಂತ ತಿಳಿಯುವುದಿಲ್ಲ. ಹೋಗದಿದ್ದರಂತೂ ಫಜೀತಿ, ಹೊಸದರಲ್ಲೇ ಒಂದು ಕೆಟ್ಟದ್ದು ಬಂದಿರಬಹುದೇ ಎಂಬ ಅನುಮಾನವೂ ಸೇರಿಕೊಳ್ಳುತ್ತದೆ.

ಟ್ಯೂಬ್ ಹಳತಾಗುವುದು ಎಂದರೆ ಏನು ಎಂಬುದನ್ನು ಸ್ವಲ್ಪ ತಿಳಿದುಕೊಂಡರೆ ಕಿವಿಗೆ ಕೆಲಸ ಸುಲಭ. ಟ್ಯೂಬಿನ ನಡುವೆ ಕ್ಯಾಥೋಡ್ ಎಂಬ ಸಣ್ಣ ಕೊಳವೆ ಇರುತ್ತದೆ. ಅದರ ಮೈಗೆ ಬೇರಿಯಂ, ಸ್ಟ್ರಾನ್ಷಿಯಂ ಆಕ್ಸೈಡುಗಳ ಲೇಪ. ಕಾದಾಗ ಎಲೆಕ್ಟ್ರಾನುಗಳನ್ನು ಹೊರಚೆಲ್ಲುವುದು ಈ ಲೇಪವೇ. ವರ್ಷಗಳು ಕಳೆದಂತೆ ಅದರ ಕಸುವು ಇಳಿಯುತ್ತದೆ. ಇಎಲ್34ರಂಥ ಪವರ್ ಟ್ಯೂಬಿನಲ್ಲಿ ನೀವು ಏನೂ ನುಡಿಸದಿದ್ದರೂ ನಾನೂರು ಚಿಲ್ಲರೆ ವೋಲ್ಟಿನಲ್ಲಿ 35-40 ಮಿಲಿಆಂಪ್ ಹರಿಯುತ್ತಿರುತ್ತದೆ, ನುಡಿಸಿದಾಗ ಅದರ ಹಲವು ಪಟ್ಟು. 12ಎಎಕ್ಸ್7ರ ಗಾಜಿನೊಳಗೆ ಎರಡು ಪುಟ್ಟ ಟ್ಯೂಬುಗಳಿದ್ದಂತೆ, ಒಂದೊಂದು ಅರ್ಧದಲ್ಲಿ ಹರಿಯುವುದು ಸುಮಾರು ಒಂದೇ ಮಿಲಿಆಂಪ್. ಹಾಗಾಗಿ ದೊಡ್ಡವು ದುಡಿದು ಸವೆಯುತ್ತವೆ, ಚಿಕ್ಕವು ಸವೆಯುವುದು ಬಹಳ ಕಡಿಮೆ. ಚಿಕ್ಕವು ಕೆಡುವ ರೀತಿಯೇ ಬೇರೆ. ಒಳಗಿನ ತಂತಿ, ಜಾಲರಿಗಳು ಸಡಿಲವಾಗಿ ಅದುರತೊಡಗುತ್ತವೆ, ಇಲ್ಲವೇ ಚರಪರ ಅನ್ನತೊಡಗುತ್ತವೆ. ವಾರಕ್ಕೆ ನಾಲ್ಕಾರು ಬಾರಿ ಜೋರಾಗಿ ದುಡಿಯುವ ಆಂಪಿನಲ್ಲಿ ಪವರ್ ಟ್ಯೂಬ್ ಒಂದೆರಡು ವರ್ಷಕ್ಕೇ ಸುಸ್ತಾಗಬಹುದು. ಅದೇ ಆಂಪಿನ 12ಎಎಕ್ಸ್7 ಹತ್ತು ವರ್ಷ ಕಳೆದರೂ ಚೆನ್ನಾಗಿಯೇ ಇರುವುದನ್ನು ಎಷ್ಟೋ ಸಲ ನೋಡಿದ್ದೇನೆ.

ಸವೆತ ಕಿವಿಗೆ ಬೀಳುವುದು ಮೊದಲು ಸ್ವರದ ಮೊದಲ ಹೊಡೆತದಲ್ಲಿ. ತಂತಿಯನ್ನು ಮೀಟಿದ ಕ್ಷಣದಲ್ಲಿ ಒಮ್ಮೆಲೇ ತುಂಬ ಕರೆಂಟ್ ಬೇಕು. ದಣಿದ ಕ್ಯಾಥೋಡ್ ಅಷ್ಟನ್ನು ಕೊಡಲಾರದು. ಹಾಗಾಗಿ ‘ಧಡ್’ ಎನ್ನಬೇಕಾದ ದಪ್ಪ ತಂತಿ ‘ಧಪ್’ ಎನ್ನುತ್ತದೆ, ಮೇಲಿನ ಸ್ವರಗಳ ಹೊಳಪು ಹೋಗುತ್ತದೆ, ವಾಲ್ಯೂಮ್ ಎಷ್ಟು ತಿರುಗಿಸಿದರೂ ಒಂದು ಹಂತದ ಮೇಲೆ ಕೊಳಕು ಹೆಚ್ಚುತ್ತದೆಯೇ ಹೊರತು ಜೋರು ಹೆಚ್ಚುವುದಿಲ್ಲ. ಇದು ತಿಂಗಳುಗಟ್ಟಲೆ ನಿಧಾನವಾಗಿ ಆಗುವುದರಿಂದ ಕಿವಿ ಅದಕ್ಕೇ ಒಗ್ಗಿಕೊಂಡಿರುತ್ತದೆ. ಆದ್ದರಿಂದ ನಿಮ್ಮ ಮೊದಲ ಪರೀಕ್ಷೆ ಹೀಗಿರಲಿ: ಮನೆಯಲ್ಲಿ ಮೆಲ್ಲಗೆ ನುಡಿಸಿದಾಗ ಧ್ವನಿ ಮಂಕಾಗಿದೆಯೇ, ಇಲ್ಲ ಜೋರಾಗಿ ನುಡಿಸಿದಾಗ ಮಾತ್ರವೇ? ಜೋರಿನಲ್ಲಿ ಮಾತ್ರ ಕುಸಿದರೆ ಪವರ್ ಟ್ಯೂಬುಗಳ ಮೇಲೆ ಅನುಮಾನ ಪಡಿ. ಮೆಲ್ಲಗಿದ್ದಾಗಲೂ ಅಷ್ಟೇ ಮಂಕಾಗಿದ್ದರೆ ಹಣ ಖರ್ಚು ಮಾಡುವ ಮೊದಲು ಬೇರೆ ಕಡೆ ಹುಡುಕಿ.

ಬೇರೆ ಕಡೆ ಅಂದರೆ, ಮೊದಲು ಗಿಟಾರ್, ಕೇಬಲ್, ಸ್ಪೀಕರ್ ಬದಲಿಸಿ ನೋಡುವುದು. ಆಮೇಲೆ ಆಂಪಿನ ಹಿಂದೆ ಪೆಡಲ್ ಜೋಡಿಸುವ ಎಫೆಕ್ಟ್ಸ್ ಲೂಪ್ ಇದ್ದರೆ ಅದರ ಸೆಂಡ್ ಮತ್ತು ರಿಟರ್ನ್ ಜಾಕುಗಳ ನಡುವೆ ಒಂದು ಚಿಕ್ಕ ಪ್ಯಾಚ್ ಕೇಬಲ್ ಹಾಕುವುದು. ಲೂಪನ್ನು ಬಳಸದಿದ್ದಾಗ ಸಿಗ್ನಲ್ ಆ ಜಾಕಿನ ಒಳಗಿನ ಪುಟ್ಟ ಸಂಪರ್ಕದ ಮೂಲಕವೇ ಹಾದುಹೋಗುತ್ತದೆ. ವರ್ಷಗಟ್ಟಲೆ ಏನನ್ನೂ ಚುಚ್ಚದೆ ಬಿಟ್ಟರೆ ಅದು ಕಿಲುಬು ಹಿಡಿದು ಧ್ವನಿ ಸಣ್ಣಗಾಗುತ್ತದೆ, ಬಂದು ಹೋಗಿ ಮಾಡುತ್ತದೆ. ಪ್ಯಾಚ್ ಕೇಬಲ್ ಹಾಕಿದೊಡನೆ ಜೀವ ಬಂದರೆ ತಪ್ಪು ಜಾಕಿನದು. ‘ಟ್ಯೂಬ್ ಹೋಗಿದೆ’ ಎಂದು ನನ್ನ ಮೇಜಿಗೆ ಬಂದ ಎಷ್ಟೋ ಆಂಪುಗಳ ಕಥೆ ಇಷ್ಟೇ ಆಗಿತ್ತು.

ಈಗ ಆ ‘ಟಿಂಗ್’ ವಿಷಯ. ಇದಕ್ಕೆ ಮೈಕ್ರೊಫೋನಿಕ್ ಆಗುವುದು ಎನ್ನುತ್ತಾರೆ. ಸಡಿಲವಾದ ಒಳಭಾಗಗಳು ಸ್ಪೀಕರಿನ ಅದುರುವಿಕೆಗೆ ತಾವೂ ಅದುರಿ, ಟ್ಯೂಬೇ ಒಂದು ಮೈಕಿನಂತೆ ವರ್ತಿಸುತ್ತದೆ. ಅದನ್ನು ಹಿಡಿಯಲು ಪೆನ್ಸಿಲ್ ಸಾಕು. ಆಂಪ್ ಆನ್ ಮಾಡಿ, ಗಿಟಾರಿನ ಕೇಬಲ್ ತೆಗೆದು, ವಾಲ್ಯೂಮನ್ನು ನೀವು ನುಡಿಸುವ ಮಟ್ಟಕ್ಕೆ ಇಡಿ. ಚಿಕ್ಕ ಟ್ಯೂಬುಗಳ ಮೇಲೆ ಲೋಹದ ಮುಚ್ಚಳವಿದ್ದರೆ ಆನ್ ಮಾಡುವ ಮೊದಲೇ ಅದನ್ನು ತೆಗೆದಿಡಿ. ಪೆನ್ಸಿಲಿನ ರಬ್ಬರ್ ತುದಿಯಿಂದ ಒಂದೊಂದೇ ಚಿಕ್ಕ ಟ್ಯೂಬನ್ನು ಮೆಲ್ಲಗೆ ತಟ್ಟಿ. ಇನ್‌ಪುಟ್ ಜಾಕಿಗೆ ಹತ್ತಿರದ ಟ್ಯೂಬ್, ಅಂದರೆ ಎಲ್ಲರೂ ವಿ1 ಎಂದು ಕರೆಯುವುದು, ತಟ್ಟಿದಾಗ ಸ್ವಲ್ಪ ಟಕ್ ಎಂದೇ ಎನ್ನುತ್ತದೆ. ಅದರ ಮುಂದಿನ ಎಲ್ಲ ಹಂತಗಳೂ ಆ ಸದ್ದನ್ನು ಹಿಗ್ಗಿಸುವುದರಿಂದ ಅದು ಸಹಜ. ಮಂದವಾದ ಟಕ್‌ಗೆ ಹೆದರಬೇಡಿ. ಗಂಟೆಯಂತೆ ಮೊಳಗಿ ನಿಧಾನಕ್ಕೆ ಆರುವ ಸದ್ದು, ಅಥವಾ ತಟ್ಟಿದೊಡನೆ ಊಳಿಡಲು ಶುರುವಾಗುವ ಸದ್ದು ಕೇಳಿದರೆ ಕಳ್ಳ ಸಿಕ್ಕ.

ಸಿಕ್ಕಿದ್ದು ವಿ1 ಆದರೆ ಹೊಸದು ಕೊಳ್ಳುವ ಮೊದಲು ಒಂದು ಉಪಾಯ ಮಾಡಿ. ಆಂಪ್ ಆರಿಸಿ, ಪ್ಲಗ್ ಕಿತ್ತು, ತಣ್ಣಗಾದ ಮೇಲೆ ವಿ1 ಮತ್ತು ವಿ3ನ್ನು ಅದಲುಬದಲು ಮಾಡಿ. ಪವರ್ ಟ್ಯೂಬುಗಳಿಗೆ ಹತ್ತಿರವಿರುವ ವಿ3 ಫೇಸ್ ಇನ್ವರ್ಟರ್, ಅಂದರೆ ಸಿಗ್ನಲನ್ನು ಎರಡಾಗಿ ಒಡೆದು ಪವರ್ ಟ್ಯೂಬುಗಳಿಗೆ ಒಂದೊಂದನ್ನು ಹಂಚುವ ಹಂತ. ಅದರ ನಂತರ ಹಿಗ್ಗಿಸುವ ಹಂತಗಳು ಕಡಿಮೆ, ಆದ್ದರಿಂದ ವಿ1ರಲ್ಲಿ ಊಳಿಡುವ ಟ್ಯೂಬ್ ಅಲ್ಲಿ ಹೆಚ್ಚಾಗಿ ತೆಪ್ಪಗಿರುತ್ತದೆ. ಹಳೆಯ ಮೆಕಾನಿಕ್‌ಗಳ ಜುಗಾಡ್ ಇದು, ಆದರೆ ಅಂಥ ಟ್ಯೂಬ್ ಅಲ್ಲಿ ವರ್ಷಗಟ್ಟಲೆ ಬಾಳುವುದೂ ಉಂಟು. ಮೂರೂ ಒಂದೇ ನಂಬರಿನವಾದ್ದರಿಂದ ನಿಮ್ಮ ಆಂಪಿನಲ್ಲಿ ಇದು ಸಲೀಸು. ಆ ಜಾಗದಲ್ಲಿ 12ಎಟಿ7 ಬಳಸುವ ಆಂಪುಗಳೂ ಇವೆ, ಅವುಗಳಲ್ಲಿ ಹೀಗೆ ಬದಲಾಯಿಸಿದರೆ ಧ್ವನಿಯೇ ಬೇರೆಯಾಗುತ್ತದೆ.

ಚರಪರ ಸದ್ದು ಮತ್ತು ಹಿಸ್ ಕೇಳಿಸಿದರೆ ಆಂಪಿನ ನಾಬ್‌ಗಳ ಸಹಾಯ ಪಡೆಯಿರಿ. ಸದ್ದು ಬರುತ್ತಿರುವಾಗ ವಾಲ್ಯೂಮ್ ಪೂರ್ತಿ ಇಳಿಸಿ. ಸದ್ದೂ ಇಳಿದರೆ ಅದು ಹುಟ್ಟುವುದು ಆ ನಾಬ್‌ಗಿಂತ ಮೊದಲಿನ ಹಂತದಲ್ಲಿ. ಹಾಗೆಯೇ ಉಳಿದರೆ ನಂತರದಲ್ಲಿ. ಅಲ್ಲಿನ ಟ್ಯೂಬಿನ ಜಾಗಕ್ಕೆ ಚೆನ್ನಾಗಿರುವ ಇನ್ನೊಂದನ್ನು ಹಾಕಿ. ಟ್ಯೂಬ್ ಬದಲಿಸಿದರೂ ಅದೇ ಚರಪರ ಉಳಿದರೆ ಟ್ಯೂಬಿನ ತಪ್ಪಲ್ಲ. ಆ ಹಂತದ ಪ್ಲೇಟಿಗೆ ಹೋಗುವ ರೆಸಿಸ್ಟರ್ (ಸಾಮಾನ್ಯವಾಗಿ 100 ಕಿಲೋಓಮ್) ಹಾಳಾಗಿರಬಹುದು, ಸಾಕೆಟಿನ ಹಿಡಿತ ಸಡಿಲಾಗಿರಬಹುದು. ಅವು ಪೆಟ್ಟಿಗೆ ಬಿಚ್ಚಿ ಮಾಡುವ ಕೆಲಸ.

ಪವರ್ ಟ್ಯೂಬುಗಳ ವಿಚಾರದಲ್ಲಿ ಕಿವಿಗಿಂತ ಕಣ್ಣು ಬೇಗ ಹೇಳುತ್ತದೆ. ಕೋಣೆಯ ದೀಪ ಆರಿಸಿ ಆಂಪಿನ ಹಿಂದೆ ಕೂತು ನೋಡಿ. ಒಳಗೆ ಕಿತ್ತಳೆ ಬಣ್ಣದ ಹೀಟರ್ ಕಾಣುವುದು ಸರಿಯೇ. ಗಾಜಿನ ಒಳಮೈಯಲ್ಲಿ ನೀಲಿ ಹೊಳಪು ಕಂಡು, ನುಡಿಸಿದಾಗ ಅದು ಕುಣಿದರೆ ಅದೂ ದೋಷವಲ್ಲ, ದಾರಿತಪ್ಪಿದ ಎಲೆಕ್ಟ್ರಾನುಗಳು ಗಾಜಿಗೆ ಬಡಿಯುವುದರಿಂದ ಬರುವ ಬೆಳಕು. ಆದರೆ ಎಲೆಕ್ಟ್ರೋಡುಗಳ ನಡುವೆಯೇ ಗುಲಾಬಿ-ನೇರಳೆ ಮಂಜು ತುಂಬಿದ್ದರೆ ಒಳಗೆ ಅನಿಲ ಸೇರಿದೆ, ಆ ಟ್ಯೂಬ್ ತೆಗೆಯಿರಿ. ಗಾಜಿನ ಮೇಲೆ ಕನ್ನಡಿಯಂತೆ ಹೊಳೆಯುವ ಬೆಳ್ಳಿಯ ಕಲೆ ಇರುತ್ತದಲ್ಲ, ಅದು ಹಾಲಿನಂತೆ ಬೆಳ್ಳಗಾಗಿದ್ದರೆ ಗಾಳಿ ಒಳಹೊಕ್ಕಿದೆ. ಅದನ್ನು ಆನ್ ಕೂಡ ಮಾಡಬೇಡಿ.

ಎಲ್ಲಕ್ಕಿಂತ ಕೆಟ್ಟದ್ದು ಪ್ಲೇಟ್ ಕೆಂಪಾಗುವುದು. ಹೊರಗಿನಿಂದ ಕಾಣುವ ಬೂದು ಬಣ್ಣದ ಲೋಹದ ಕವಚವೇ ಪ್ಲೇಟ್. ಅದರ ಬದಿಯಲ್ಲಿ ಕೆಂಡದ ಕಲೆ ಕಂಡರೆ ಒಂದು ಕ್ಷಣವೂ ಕಾಯದೆ ಆರಿಸಿ. ಹಾಗೇ ಬಿಟ್ಟರೆ ಟ್ಯೂಬಿನ ಜೊತೆಗೆ ಅದರ ಸ್ಕ್ರೀನ್ ಗ್ರಿಡ್ ಎಂಬ ಒಳ ಜಾಲರಿಗೆ ಕರೆಂಟ್ ತರುವ ಸ್ಕ್ರೀನ್ ರೆಸಿಸ್ಟರ್ ಸುಡುತ್ತದೆ, ಫ್ಯೂಸ್ ಕೆಲಸ ಮಾಡದಿದ್ದರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರಿಗೂ ಆಪತ್ತು. ಆದರೆ ಕೆಂಪಾದ ಟ್ಯೂಬೇ ತಪ್ಪಿತಸ್ಥ ಎಂದು ತೀರ್ಪು ಕೊಡಬೇಡಿ. ಈ ಒಂದು ತಪ್ಪಿಗೆ ಜನ ಜೋಡಿಗಟ್ಟಲೆ ಟ್ಯೂಬ್ ಕಳೆದುಕೊಳ್ಳುತ್ತಾರೆ.

ಹೀಗೇ ಒಬ್ಬರು ನಿಮ್ಮದರಂಥದ್ದೇ ಇಎಲ್34 ಜೋಡಿಯ ಆಂಪ್ ತಂದಿದ್ದರು. ಬಲಗಡೆಯ ಟ್ಯೂಬ್ ಹತ್ತು ನಿಮಿಷಕ್ಕೆ ಕೆಂಪಾಗುತ್ತದೆ ಎಂದು ಹೊಸ ಜೋಡಿ ಹಾಕಿದ್ದರು. ಹೊಸದೂ ಬಲಗಡೆಯೇ ಕೆಂಪಾಯಿತು. ಕೆಟ್ಟ ಮಾಲು ಬಂತೆಂದು ಬೇರೆ ಕಂಪನಿಯ ಮತ್ತೊಂದು ಜೋಡಿ ತಂದರು, ಅದೂ ಅಷ್ಟೇ. ಮೊದಲ ಸಲವೇ ಎಡ-ಬಲ ಅದಲುಬದಲು ಮಾಡಿ ನೋಡಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಕೆಂಪಾಗುವುದು ಟ್ಯೂಬಿನ ಜೊತೆ ಎಡಕ್ಕೆ ಹೋದರೆ ಟ್ಯೂಬ್ ಕೆಟ್ಟಿದೆ. ಟ್ಯೂಬ್ ಬದಲಾದರೂ ಬಲಗಡೆಯೇ ನಿಂತರೆ ಆ ಸಾಕೆಟಿಗೆ ಬರುವ ದಾರಿ ಕೆಟ್ಟಿದೆ.

ಎರಡೂ ಪವರ್ ಟ್ಯೂಬ್ ಕಿತ್ತು, ಆಂಪ್ ಆನ್ ಮಾಡಿ ಎರಡೂ ಸಾಕೆಟಿನ ಐದನೇ ಪಿನ್ನಿನಲ್ಲಿ ವೋಲ್ಟೇಜ್ ಅಳೆದೆ. ಐದನೇ ಪಿನ್ ಎಂದರೆ ಕಂಟ್ರೋಲ್ ಗ್ರಿಡ್. ನಲ್ಲಿಯ ತಿರುಪಿನಂತೆ ಕರೆಂಟನ್ನು ತಡೆಹಿಡಿಯುವ ಮೈನಸ್ ವೋಲ್ಟೇಜ್, ಅಂದರೆ ಬಯಾಸ್, ಬರುವುದು ಅಲ್ಲಿಗೆ. ಎಡಗಡೆ ಮೈನಸ್ 38 ವೋಲ್ಟ್ ಇತ್ತು. ಬಲಗಡೆ ಮೈನಸ್ 29 ಮಾತ್ರ. ಒಂಬತ್ತು ವೋಲ್ಟಿನಷ್ಟು ತಿರುಪು ಸಡಿಲವಾದರೆ ಇಎಲ್34ರಲ್ಲಿ ಕರೆಂಟ್ ಎರಡು ಮೂರು ಪಟ್ಟಾಗುತ್ತದೆ, ಪ್ಲೇಟ್ ಕೆಂಪಾಗದೆ ಇನ್ನೇನಾದೀತು? ಟ್ಯೂಬ್ ತೆಗೆದೇ ಅಳೆಯಲು ಕಾರಣವಿದೆ: ಅನಿಲ ಸೇರಿದ ಟ್ಯೂಬ್ ಕೂಡ ತನ್ನ ಗ್ರಿಡ್ಡಿನ ವೋಲ್ಟೇಜನ್ನು ಹೀಗೇ ಎಳೆದುಬಿಡಬಲ್ಲದು. ಟ್ಯೂಬ್ ಇಲ್ಲದಿದ್ದರೂ ವ್ಯತ್ಯಾಸ ಉಳಿಯಿತು ಎಂದರೆ ಆರೋಪ ಕಪ್ಲಿಂಗ್ ಕೆಪ್ಯಾಸಿಟರಿನ ಮೇಲೆ. ಅದು ಫೇಸ್ ಇನ್ವರ್ಟರಿನ ಇನ್ನೂರು ಚಿಲ್ಲರೆ ಡಿಸಿ ವೋಲ್ಟನ್ನು ತಡೆದು ಸಿಗ್ನಲನ್ನು ಮಾತ್ರ ಬಿಡಬೇಕಾದ 22 ನ್ಯಾನೋಫ್ಯಾರಡ್‌ನ ಪುಟ್ಟ ಭಾಗ. ಇಲ್ಲಿ ಅದು ಸೋರುತ್ತಿತ್ತು. ಸೋರಿಕೆ ಎಷ್ಟು? ಆ ಗ್ರಿಡ್ಡಿಗೆ ಬಯಾಸ್ ತರುವ ರೆಸಿಸ್ಟರ್ 220 ಕಿಲೋಓಮ್. ಅದರ ಮೇಲೆ 9 ವೋಲ್ಟ್ ಬಿದ್ದಿತ್ತು ಎಂದರೆ ಸೋರಿದ್ದು ಸುಮಾರು 40 ಮೈಕ್ರೊಆಂಪ್. ಕೆಪ್ಯಾಸಿಟರನ್ನು ಬಿಚ್ಚಿ, ತಣ್ಣಗಿದ್ದಾಗ ಮಲ್ಟಿಮೀಟರಿನಲ್ಲಿ ನೋಡಿದರೆ ಯಾವ ದೋಷವೂ ಕಾಣಲಿಲ್ಲ. ಮೀಟರ್ ಕೊಡುವ ಸಣ್ಣ ವೋಲ್ಟಿಗೆ ಅದು ಸಾಧುವೇ, ಬಿಸಿಯೂ ಇನ್ನೂರು ವೋಲ್ಟೂ ಸೇರಿದಾಗ ಮಾತ್ರ ಸೋರುತ್ತಿತ್ತು. ಹತ್ತು ನಿಮಿಷ ಕಾದ ಮೇಲೆಯೇ ಕೆಂಪಾಗುತ್ತಿದ್ದುದು ಅದಕ್ಕೆ. ಎರಡೂ ಕಡೆಯ ಕೆಪ್ಯಾಸಿಟರ್ ಬದಲಿಸಿದೆ. ಅವರು ಬಿಸಾಡಲು ತಂದಿದ್ದ ಎರಡನೇ ಜೋಡಿ ಟ್ಯೂಬ್ ಈಗಲೂ ಅದೇ ಆಂಪಿನಲ್ಲಿದೆ.

ಈ ಅಳತೆಯನ್ನು ನೀವು ಮಾಡಲು ಹೋಗಬೇಡಿ. ಪವರ್ ಟ್ಯೂಬ್ ತೆಗೆದ ಆಂಪಿನಲ್ಲಿ ವೋಲ್ಟೇಜ್ ಇನ್ನೂ ಏರಿರುತ್ತದೆ. ಪ್ಲಗ್ ಕಿತ್ತ ಮೇಲೂ ಒಳಗಿನ ಫಿಲ್ಟರ್ ಕೆಪ್ಯಾಸಿಟರುಗಳಲ್ಲಿ 400 ವೋಲ್ಟಿಗೂ ಹೆಚ್ಚು ಉಳಿದಿರಬಹುದು, ಅದು ಜೀವ ತೆಗೆಯಲು ಸಾಕು. ಪೆಟ್ಟಿಗೆ ಬಿಚ್ಚದೆ ಹೊರಗಿನಿಂದ ಟ್ಯೂಬ್ ಕಿತ್ತು ಹಾಕುವುದು ನಿಮ್ಮ ಕೆಲಸ. ಲೋಹದ ಚಾಸಿ ಹೊರಗೆ ಬಂತೆಂದರೆ ಅದು ತಿಳಿದವರ ಕೆಲಸ. ಈ ಗೆರೆಯ ವಿಷಯದಲ್ಲಿ ನಾನು ಹಟಮಾರಿ.

ಕೊಳ್ಳುವ ವಿಚಾರಕ್ಕೆ ಬರೋಣ. ಆಂಪಿನ ಮೇಲೆ ಯಾವ ನಂಬರ್ ಬರೆದಿದೆಯೋ ಅದೇ ಬೇಕು. 6ಎಲ್6 ಹಾಕಿದರೆ ಬೇರೆ ಥರ ಕೇಳುತ್ತದಂತೆ, ಹಾಕಲೇ ಎಂದು ಬಹಳ ಜನ ಕೇಳುತ್ತಾರೆ. ಸಾಕೆಟಿಗೆ ಅದು ಕೂರುತ್ತದೆ ನಿಜ. ಆದರೆ ಇಎಲ್34ರ ಹೀಟರ್ 1.5 ಆಂಪ್ ಎಳೆದರೆ 6ಎಲ್6 ಎಳೆಯುವುದು 0.9 ಆಂಪ್. ಅದರ ಉಲ್ಟಾ, 6ಎಲ್6ಗೆಂದು ಮಾಡಿದ ಆಂಪಿಗೆ ಇಎಲ್34 ಹಾಕಿದರೆ ಪವರ್ ಟ್ರಾನ್ಸ್‌ಫಾರ್ಮರಿನ ಮೇಲೆ ಆ ಹೆಚ್ಚುವರಿ ಹೊರೆ ಬೀಳುತ್ತದೆ. ಎರಡಕ್ಕೂ ಬೇಕಾದ ಬಯಾಸ್ ಕೂಡ ಬೇರೆ. ತಯಾರಕರೇ ಎರಡಕ್ಕೂ ಅನುಮತಿ ಕೊಟ್ಟಿದ್ದರೆ ಮಾತ್ರ ಆ ಪ್ರಯೋಗ.

ಪವರ್ ಟ್ಯೂಬನ್ನು ಮ್ಯಾಚ್ ಮಾಡಿದ ಜೋಡಿಯಾಗಿಯೇ ಕೊಳ್ಳಿ, ಎರಡನ್ನೂ ಒಟ್ಟಿಗೇ ಬದಲಿಸಿ. ಮ್ಯಾಚ್ ಮಾಡುವುದು ಎಂದರೆ ಒಂದೇ ವೋಲ್ಟೇಜಿನಲ್ಲಿ ಎರಡೂ ಹೆಚ್ಚುಕಡಿಮೆ ಒಂದೇ ಕರೆಂಟ್ ಎಳೆಯುತ್ತವೆ ಎಂದು ಅಳೆದು ಜೋಡಿಸುವುದು. ನಿಮ್ಮ ಆಂಪಿನಲ್ಲಿ ಎರಡು ಟ್ಯೂಬುಗಳು ಒಂದೇ ಟ್ರಾನ್ಸ್‌ಫಾರ್ಮರನ್ನು ಎರಡು ತುದಿಯಿಂದ ಎಳೆಯುತ್ತವೆ. ಎಳೆತ ಸಮವಿದ್ದರೆ ಪವರ್ ಸಪ್ಲೈಯ ಗುಂಯ್‌ಗುಡುವಿಕೆ ಎರಡೂ ಕಡೆಯಿಂದ ಬಂದು ಒಂದನ್ನೊಂದು ಅಳಿಸಿಬಿಡುತ್ತದೆ. ಒಂದು ದುರ್ಬಲವಾದರೆ ಆ ಗುಂಯ್ ಕೇಳತೊಡಗುತ್ತದೆ. ಗಿಟಾರ್ ತೆಗೆದರೂ, ವಾಲ್ಯೂಮ್ ಸೊನ್ನೆಗೆ ಇಳಿಸಿದರೂ ಹೋಗದ ಗುಂಯ್ ಹೊಸದಾಗಿ ಶುರುವಾಗಿದ್ದರೆ ಜೋಡಿ ಹದ ತಪ್ಪಿರುವ ಸಾಧ್ಯತೆ ಇದೆ. ಹಳೆಯ ಫಿಲ್ಟರ್ ಕೆಪ್ಯಾಸಿಟರಿನಿಂದಲೂ ಹೀಗಾಗುತ್ತದೆ, ಅದಕ್ಕೆ ಸಾಧ್ಯತೆ ಎಂದೆ.

ಕಂಪನಿಯ ಬಗ್ಗೆ ಜಗಳಕ್ಕೆ ಕೊನೆಯೇ ಇಲ್ಲ. ಈಗ ಇಂಥ ಟ್ಯೂಬ್ ಮಾಡುವ ಕಾರ್ಖಾನೆಗಳು ಬೆರಳೆಣಿಕೆಯಷ್ಟು: ಸ್ಲೊವಾಕಿಯಾದಲ್ಲಿ ಜೆಜೆ, ರಷ್ಯಾದ ಸರಾಟೊವ್‌ನಲ್ಲೊಂದು, ಚೀನಾದಲ್ಲಿ ಕೆಲವು. ಪೆಟ್ಟಿಗೆಯ ಮೇಲಿನ ಹೆಸರುಗಳು ಮಾತ್ರ ಡಜನ್‌ಗಟ್ಟಲೆ. ಒಂದೇ ಕಾರ್ಖಾನೆಯ ಟ್ಯೂಬ್ ಮೂರು ಹೆಸರಲ್ಲಿ ಸಿಗುತ್ತದೆ. ಆದ್ದರಿಂದ ಹೆಸರಿಗಿಂತ ಮಾರುವವರು ಏನು ಪರೀಕ್ಷೆ ಮಾಡಿ ಕೊಡುತ್ತಾರೆ ಎಂಬುದನ್ನು ನಾನು ಹೆಚ್ಚು ನೋಡುತ್ತೇನೆ. ಯಾವ ಪ್ಲೇಟ್ ವೋಲ್ಟೇಜಿನಲ್ಲಿ ಮ್ಯಾಚ್ ಮಾಡಿದ್ದಾರೆ, ಎಷ್ಟು ಮಿಲಿಆಂಪ್ ಎಂದು ಪೆಟ್ಟಿಗೆಯ ಮೇಲೆ ಬರೆದಿದ್ದರೆ ಅವರು ನಿಜಕ್ಕೂ ಅಳೆದಿದ್ದಾರೆ ಎಂದು ನಂಬಬಹುದು. ವಿ1ಕ್ಕೆ ಕೊಳ್ಳುವ 12ಎಎಕ್ಸ್7 ಮಾತ್ರ ಸದ್ದಿಲ್ಲದ್ದು ಎಂದು ಆರಿಸಿದ್ದಿರಲಿ. ಉಳಿದ ಎರಡು ಜಾಗಕ್ಕೆ ಸಾಧಾರಣದ್ದು ಸಾಕು. ಅರ್ಧ ಶತಮಾನ ಹಳೆಯ ಬಳಸದ ಟ್ಯೂಬುಗಳ ಮೋಹಕ್ಕೆ ಪವರ್ ಟ್ಯೂಬಿನಲ್ಲಿ ಬೀಳಬೇಡಿ. ಸವೆಯುವ ವಸ್ತುವಿಗೆ ಆಭರಣದ ಬೆಲೆ ಕೊಟ್ಟಂತಾಗುತ್ತದೆ, ಮೇಲಾಗಿ ಹೊಸದಕ್ಕೆ ಹಳೆಯ ಹೆಸರು ಒತ್ತಿ ಮಾರುವವರಿದ್ದಾರೆ.

ಹಾಕುವಾಗ ಪ್ಲಗ್ ಕಿತ್ತು ಅರ್ಧ ಗಂಟೆ ಬಿಡಿ. ಇಎಲ್34ನ್ನು ಗಾಜು ಹಿಡಿದು ಎಳೆಯಬೇಡಿ, ಕೆಳಗಿನ ಗಟ್ಟಿ ಬುಡ ಹಿಡಿದು ಮೆಲ್ಲಗೆ ಅಲ್ಲಾಡಿಸುತ್ತ ಮೇಲೆತ್ತಿ. ಬುಡದ ನಡುವೆ ಒಂದು ಕಡ್ಡಿ, ಅದಕ್ಕೊಂದು ಏಣು ಇರುತ್ತದೆ. ಟ್ಯೂಬ್ ಸರಿಯಾದ ದಿಕ್ಕಿನಲ್ಲಿ ಮಾತ್ರ ಕೂರುವಂತೆ ಮಾಡುವುದು ಆ ಏಣೇ. ಆ ಕಡ್ಡಿ ಮುರಿದ ಟ್ಯೂಬನ್ನು ಅಂದಾಜಿನಲ್ಲಿ ತುರುಕಿದವರು ಕ್ಷಣದಲ್ಲಿ ಶಾರ್ಟ್ ಮಾಡಿಕೊಂಡಿದ್ದಾರೆ. ಚಿಕ್ಕ ಟ್ಯೂಬಿನ ಒಂಬತ್ತು ಪಿನ್ನುಗಳ ನಡುವೆ ಒಂದು ಕಡೆ ಅಂತರ ಹೆಚ್ಚಿರುತ್ತದೆ, ಅದನ್ನು ಸಾಕೆಟಿಗೆ ಹೊಂದಿಸಿ ನೇರ ಒತ್ತಿ. ಪಿನ್ ಬಾಗಿದ್ದರೆ ಮೊದಲು ನೆಟ್ಟಗೆ ಮಾಡಿ, ಬಲವಂತ ಮಾಡಿದರೆ ಬುಡದ ಗಾಜು ಸೀಳುತ್ತದೆ. ಸ್ಪೀಕರ್ ಜೋಡಿಸದೆ ಆಂಪ್ ಆನ್ ಮಾಡಬಾರದು ಎಂಬುದು ನಿಮಗೆ ಗೊತ್ತಿರುತ್ತದೆ, ಟ್ಯೂಬ್ ಬದಲಿಸಿದ ಉತ್ಸಾಹದಲ್ಲಿ ಮರೆಯುವುದೂ ಆಗಲೇ.

ಚಿಕ್ಕ ಟ್ಯೂಬಿಗೆ ಅಷ್ಟೇ, ಹಾಕಿ ನುಡಿಸಿ. ಪವರ್ ಟ್ಯೂಬಿಗೆ ಬಯಾಸ್ ಹೊಂದಿಸಬೇಕು. ಕೆಲವು ಆಂಪುಗಳು ಕ್ಯಾಥೋಡ್ ಬಯಾಸಿನವು, ಒಂದು ರೆಸಿಸ್ಟರ್ ತಾನಾಗಿ ಹದ ನೋಡಿಕೊಳ್ಳುತ್ತದೆ, ಅಲ್ಲಿ ಹೊಂದಿಸುವುದೇನೂ ಇಲ್ಲ. 50 ವಾಟಿನ ಇಎಲ್34 ಜೋಡಿ ಎಂದಿರಿ, ನಿಮ್ಮದು ಬಹುಪಾಲು ಫಿಕ್ಸೆಡ್ ಬಯಾಸಿನದು. ಹೆಸರು ಫಿಕ್ಸೆಡ್ ಆದರೂ ಹೊಂದಿಸಬೇಕಾದ್ದು ಇದನ್ನೇ, ಯಾರು ಇಟ್ಟ ಹೆಸರೋ! ಹಿಂದೆ ಅಳೆಯುವ ಬಿಂದುಗಳೂ ತಿರುಪೂ ಹೊರಗೇ ಇರುವ ಆಂಪಾದರೆ ಕೈಪಿಡಿ ನೋಡಿ ನೀವೇ ಮಾಡಬಹುದು. ಒಳಗಿದ್ದರೆ ಟ್ಯೂಬ್ ಹಿಡಿದುಕೊಂಡು ಟೆಕ್ನೀಷಿಯನ್ ಬಳಿ ಹೋಗಿ. ಅವರು ಏನು ಮಾಡುತ್ತಾರೆಂದು ತಿಳಿದಿರಲಿ ಎಂದು ಒಂದು ಲೆಕ್ಕ ಹೇಳುತ್ತೇನೆ.

ಇಎಲ್34ರ ಪ್ಲೇಟ್ ಸುಮ್ಮನಿದ್ದಾಗ ತಾಳಬಲ್ಲ ಶಾಖದ ಮಿತಿ 25 ವಾಟ್. ಅದರ 70 ಶೇಕಡಾ, ಅಂದರೆ 17.5 ವಾಟ್ ದಾಟಬಾರದು ಎಂಬುದು ರೂಢಿ. ಟೆಕ್ನೀಷಿಯನ್ ಮೊದಲು ಬಯಾಸ್ ತಿರುಪನ್ನು ಕರೆಂಟ್ ಅತಿ ಕಡಿಮೆ ಇರುವ ಕಡೆಗೆ ತಿರುಗಿಸಿ, ಆಮೇಲೆ ಹೊಸ ಜೋಡಿ ಹಾಕಿ ಆನ್ ಮಾಡುತ್ತಾರೆ. ನಂತರ ಮೆಲ್ಲಗೆ ಏರಿಸುತ್ತಾರೆ. ಕ್ಯಾಥೋಡಿನಲ್ಲಿ 1 ಓಮ್ ರೆಸಿಸ್ಟರ್ ಇದ್ದರೆ ಒಂದು ಮಿಲಿವೋಲ್ಟ್ ಒಂದು ಮಿಲಿಆಂಪಿಗೆ ಸಮ, ಓದುವುದು ಸುಲಭ. ಒಂದು ಹಂತದಲ್ಲಿ ಪ್ಲೇಟ್ 462 ವೋಲ್ಟ್, ಎರಡು ಟ್ಯೂಬಿನಲ್ಲಿ 31 ಮತ್ತು 33 ಮಿಲಿಆಂಪ್ ಕಂಡಿತೆನ್ನಿ. ಕ್ಯಾಥೋಡಿನ ಕರೆಂಟಿನಲ್ಲಿ ಸ್ಕ್ರೀನ್ ಗ್ರಿಡ್ಡಿನ ಪಾಲೂ ಸೇರಿರುತ್ತದೆ. ಅದಕ್ಕೆ ಸುಮಾರು 4 ಕಳೆದರೆ ಪ್ಲೇಟಿಗೆ ಸರಾಸರಿ 28. ಅದನ್ನು 462ರಿಂದ ಗುಣಿಸಿದರೆ 13 ವಾಟಿಗೆ ಹತ್ತಿರ, ಅಂದರೆ ಮಿತಿಯ ಅರ್ಧ. ಇಲ್ಲೇ ನಿಲ್ಲಿಸಿದರೆ ಟ್ಯೂಬಿಗೆ ಅಪಾಯವಿಲ್ಲ, ಆದರೆ ಧ್ವನಿ ಸಪ್ಪೆ, ಮೆಲ್ಲಗೆ ಆರುವ ಸ್ವರದ ಬಾಲದಲ್ಲಿ ಗರಗರ ಕೇಳುತ್ತದೆ. ಇನ್ನೂ ಏರಿಸಿ 41 ಮತ್ತು 43ಕ್ಕೆ ತಂದರೆ ಪ್ಲೇಟ್ ವೋಲ್ಟೇಜ್ 448ಕ್ಕೆ ಇಳಿಯುತ್ತದೆ. ಕರೆಂಟ್ ಹೆಚ್ಚಿದಂತೆ ವೋಲ್ಟೇಜ್ ಇಳಿಯುವುದರಿಂದ ಪ್ರತಿ ಸಲವೂ ಎರಡನ್ನೂ ಅಳೆಯಬೇಕು. ಸ್ಕ್ರೀನಿನ 5 ಕಳೆದು 37, ಗುಣಿಸಿದರೆ ಸುಮಾರು 16.6 ವಾಟ್. ನಾನಾದರೆ ಇಲ್ಲಿಗೆ ಕೈ ತೆಗೆಯುತ್ತೇನೆ. 70 ಶೇಕಡಾವನ್ನು ಮುಟ್ಟಲೇಬೇಕೆಂಬ ಹಟ ಬೇಡ. ಅದು ಗುರಿಯಲ್ಲ, ಮೇಲಿನ ಗೆರೆ. ಎರಡು ಟ್ಯೂಬುಗಳ ನಡುವೆ ಎರಡು ಮೂರು ಮಿಲಿಆಂಪ್ ವ್ಯತ್ಯಾಸಕ್ಕೆ ತಲೆ ಕೆಡಿಸಿಕೊಳ್ಳಬೇಕಿಲ್ಲ. ಹೊಸ ಟ್ಯೂಬ್ ಮೊದಮೊದಲು ಅತ್ತಿತ್ತ ಜರುಗುತ್ತದೆ, ಅರ್ಧ ಗಂಟೆ ಬಿಟ್ಟು ಒಮ್ಮೆ, ಕೆಲವು ವಾರ ನುಡಿಸಿದ ಮೇಲೆ ಮತ್ತೊಮ್ಮೆ ಅಳೆಯಲು ಹೇಳಿ.

ಹಾಗಾದರೆ ನಿಮ್ಮ ಕೆಲಸದ ಸರದಿ: ಮೊದಲು ಪ್ಯಾಚ್ ಕೇಬಲ್ ಮತ್ತು ಬೇರೆ ಸ್ಪೀಕರ್. ಆಮೇಲೆ ಪೆನ್ಸಿಲ್, ವಿ1-ವಿ3 ಅದಲುಬದಲು. ‘ಟಿಂಗ್’ ಅಲ್ಲಿಗೇ ಹೋಗಬಹುದು, ಹೋಗದಿದ್ದರೆ ಒಂದು 12ಎಎಕ್ಸ್7 ಕೊಳ್ಳಿ. ಜೋರಿನಲ್ಲಿ ಕುಸಿಯುವುದು ಉಳಿದರೆ ಇಎಲ್34 ಜೋಡಿ. ಟೆಕ್ನೀಷಿಯನ್ ಬಳಿ ಹೋದಾಗ ಹಳೆಯ ಜೋಡಿಯನ್ನೂ ಮೊದಲು ಅಳೆಸಿ. ಇದ್ದ ಬಯಾಸಿನಲ್ಲೇ ಒಂದು 34 ಮಿಲಿಆಂಪ್, ಇನ್ನೊಂದು 19 ಎಂದೇನಾದರೂ ತೋರಿಸಿದರೆ ನಿಮ್ಮ ಕಿವಿ ಹೇಳಿದ್ದು ಸರಿ. ಎರಡೂ ಸಮವಾಗಿ, ಆದರೆ ಕಡಿಮೆ ತೋರಿಸಿದರೆ ಬರೀ ಬಯಾಸ್ ಏರಿಸಿ ಕೇಳಿ ನೋಡಲು ಹೇಳಿ. ಯಾರೋ ಹಿಂದಿನ ಮಾಲೀಕರು ತಣ್ಣಗೆ ಹೊಂದಿಸಿಟ್ಟಿದ್ದರೆ ಹೊಸ ಟ್ಯೂಬ್ ಬೇಕಾಗದೆಯೂ ಇರಬಹುದು.

ಪವರ್ ಟ್ಯೂಬುಗಳ ಹೈ ವೋಲ್ಟೇಜ್ ದಾರಿಯಲ್ಲಿರುವ ಎಚ್‌ಟಿ ಫ್ಯೂಸ್ ಹಾರಿದರೆ ಬರೆದಿರುವ ಅಳತೆಯದನ್ನೇ ಹಾಕಿ, ಮತ್ತೆ ಹಾರಿದರೆ ದೊಡ್ಡದು ಹಾಕಬೇಡಿ. ಪವರ್ ಟ್ಯೂಬ್ ಒಳಗೆ ಶಾರ್ಟ್ ಆಗಿರುವುದೇ ಹೆಚ್ಚಿನ ಸಲ ಅದಕ್ಕೆ ಕಾರಣ, ಅದರ ಜೊತೆ ಸ್ಕ್ರೀನ್ ರೆಸಿಸ್ಟರ್ ಕೂಡ ಸುಟ್ಟಿದೆಯೇ ನೋಡಿಸಬೇಕು. ಹಳೆಯ ಇಎಲ್34ಗಳು ಸಮವಾಗಿ ಅಳೆದು ಬಂದವಾದರೆ ಎಸೆಯಬೇಡಿ. ಹೊಸ ಜೋಡಿಗೆ ಹೊಂದಿಸಿದ ಅದೇ ಬಯಾಸಿನಲ್ಲಿ ಅವು ಎಷ್ಟು ಎಳೆಯುತ್ತವೆ ಎಂದು ಅಳೆಸಿ, ಆ ಅಂಕಿಯನ್ನು ಬುಡದ ಮೇಲೆ ಬರೆದಿಡಿ. ಹೊಸದಕ್ಕಿಂತ ಕಡಿಮೆ ಎಳೆದರೆ, ಕಾರ್ಯಕ್ರಮದ ನಡುವೆ ಹೊಸದು ಕೈಕೊಟ್ಟಾಗ ಬಯಾಸ್ ಮುಟ್ಟದೆ ಅವನ್ನು ಹಾಕಿ ಆ ಸಂಜೆ ಮುಗಿಸಬಹುದು. ಅದೇ ಡಬ್ಬಿಯಲ್ಲಿ ಎರಡು ಎಚ್‌ಟಿ ಫ್ಯೂಸ್, ಒಂದು 12ಎಎಕ್ಸ್7 ಮತ್ತು ಬಿಸಿ ಟ್ಯೂಬ್ ಹಿಡಿಯಲು ಒಂದು ದಪ್ಪ ಬಟ್ಟೆ ಇರಲಿ.